ನಪಾಸಾದ ರೊಕ್ಕ

ಸುರಪುರದ ಮೀನು ಮಾರ್ಕೆಟ್ಟಿನಲ್ಲಿ ಬಸ್ಸಮ್ಮನ ದನಿ ಕೇಳದ ಬೆಳಗು ಇರಲಿಲ್ಲ. ಅವಳು ಕೃಷ್ಣೆಯ ದಂಡೆಯ ಸಣ್ಣ ಊರಿನವಳು. ಗಂಡ ಇರುವತನಕ ಅವನು ಬಲೆ ಹಾಕಿ ಹಿಡಿದದ್ದನ್ನು ಬುಟ್ಟಿಯಲ್ಲಿ ಹೊತ್ತು ತಂದು ಮಾರುತ್ತಿದ್ದಳು. ಅವನು ಕಾಮಾಲೆಯಲ್ಲಿ ತೀರಿಕೊಂಡ ಮೇಲೆ ನಾರಾಯಣಪುರ ಡ್ಯಾಮಿನ ಕಡೆಯಿಂದ ಟೆಂಪೊದಲ್ಲಿ ಬರುವ ಕಾಟ್ಲಾ, ರೋಹು ಮೀನು ಕೊಂಡು ಚಿಲ್ಲರೆ ಮಾರತೊಡಗಿದಳು. ತೂಕದಲ್ಲಿ ಮೋಸ ಇಲ್ಲ, ಬಾಯಿಯಲ್ಲಿ ಮಾತ್ರ ಬಿಗುವಿಲ್ಲ ಎಂದು ಅವಳ ಬಗ್ಗೆ ಮಾರ್ಕೆಟ್ಟಿನಲ್ಲಿ ಹೇಳುತ್ತಿದ್ದರು. ಮೀನು ಹಿಂದೆಮುಂದೆ ತಿರುವಿ ನೋಡಿ ಕೊಳ್ಳದೆ ಹೋಗುವವರಿಗೆ, ಬರ್ಫ ತಡವಾಗಿ ತರುವವನಿಗೆ, ತನ್ನ ಜಾಗದ ಮುಂದೆ ಬೈಕು ನಿಲ್ಲಿಸುವವರಿಗೆ ಅವಳ ಬಾಯಿಯ ರುಚಿ ಗೊತ್ತಿತ್ತು. ಬೈದು ಮುಗಿದ ಮೇಲೆ ಅವಳಿಗೇ ಅದು ನೆನಪಿರುತ್ತಿರಲಿಲ್ಲ.

ಮಗ ಮರಿಲಿಂಗ ಅದೇ ಮೀನಿನ ಟೆಂಪೊ ಓಡಿಸುತ್ತಿದ್ದ. ಅವನಿಗೆ ವಡಗೇರಾದಿಂದ ಹೆಣ್ಣು ತಂದು ಎರಡು ವರ್ಷವಾಗಿತ್ತು. ಸೊಸೆ ರಾಧಿಕಾ ಪಿಯುಸಿ ಪಾಸಾದವಳು. ಮೀನಿನ ವಾಸನೆಗೆ ಮೂಗು ಮುರಿಯದೆ ಮೊದಲ ವಾರವೇ ಅತ್ತೆಯ ಜೊತೆ ಮಾರ್ಕೆಟ್ಟಿಗೆ ಬಂದು ತಕ್ಕಡಿ ಹಿಡಿದಿದ್ದಳು. ಚಿಲ್ಲರೆಗಾಗಿ ಗಿರಾಕಿಗಳು ಪರದಾಡುವುದನ್ನು ನೋಡಿ, ಬ್ಯಾಂಕಿಗೆ ಓಡಾಡಿ, ಅತ್ತೆಯ ಖಾತೆಗೆ ಸ್ಕ್ಯಾನರ್ ಹಾಕಿಸಿ ಬುಟ್ಟಿಯ ಪಕ್ಕ ಕಟ್ಟಿಸಿದವಳೂ ಅವಳೇ. ಬಸ್ಸಮ್ಮನಿಗೆ ತನ್ನ ಹೆಸರಿನ ಅಕ್ಷರ ಬಿಟ್ಟರೆ ಓದು ಬರುತ್ತಿರಲಿಲ್ಲ. ಹೀಗಾಗಿ ಫೋನು ಅತ್ತೆಯದು, ಅದನ್ನು ನಡೆಸುವ ಬೆರಳು ಸೊಸೆಯದು. ಗುಪ್ತ ನಂಬರೂ ಸೊಸೆಗೇ ಗೊತ್ತು.

“ನನ್ನ ಸೊಸಿ ಅಂದ್ರ ನನ್ನ ಕಣ್ಣಿದ್ದಂಗ” ಎಂದು ಬಸ್ಸಮ್ಮ ಪಕ್ಕದಲ್ಲಿ ಮೀನು ಮಾರುವ ತಿಮ್ಮವ್ವನಿಗೆ ಎಷ್ಟು ಸಲ ಹೇಳಿದ್ದಳೋ.

ಯುಗಾದಿ ಕಳೆದು ಬಿಸಿಲು ಏರುವ ಹೊತ್ತಿನ ಒಂದು ಮಂಗಳವಾರ. ಹಿಂದಿನ ವಾರದ ಮಾಲಿನ ಬಾಕಿ ಹನ್ನೆರಡು ಸಾವಿರವನ್ನು ಫಿರೋಜನಿಗೆ ಕೊಡಬೇಕಿತ್ತು. ಡ್ಯಾಮಿನಿಂದ ಮಾಲು ತಂದು ಹಂಚುವವನು ಅವನೇ, ಟೆಂಪೊ ಕೂಡ ಅವನದೇ. ರಾಧಿಕಾ ಅವನ ನಂಬರಿಗೆ ಹಣ ಹಾಕಿದಳು. ಫೋನಿನ ಮೇಲೆ ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ಆಮೇಲೆ ಕೆಂಪು ಗುರುತು ಬಂತು.

“ಅತ್ತಿ, ಫೇಲ್ ಆಗ್ಯಾದ” ಎಂದಳು ರಾಧಿಕಾ.

ಅಷ್ಟರಲ್ಲಿ ಟಿಣ್ ಎಂದು ಮೆಸೇಜು ಬಂತು. ಖಾತೆಯಿಂದ ಹನ್ನೆರಡು ಸಾವಿರ ಕಡಿತವಾಗಿತ್ತು. ಫಿರೋಜ್ ತನ್ನ ಫೋನು ತೆಗೆದು ನೋಡಿದ. ಅವನಿಗೆ ಒಂದು ರೂಪಾಯಿಯೂ ಬಂದಿರಲಿಲ್ಲ.

“ಕೆಲವು ಸಲ ಹಿಂಗಾಗ್ತಾದಕ್ಕ, ವಾಪಸ್ ಬರ್ತಾದ. ನೀವೇನ ಓಡಿಹೋಗ್ತೀರೇನು? ಬಂದ ಮ್ಯಾಲೆ ಕೊಡ್ರಿ” ಎಂದು ಫಿರೋಜ್ ಹೇಳಿ ಟೆಂಪೊ ಹತ್ತಿದ. ರಾಧಿಕಾ ಆ ಕೆಂಪು ಗುರುತಿನ ಪರದೆಯನ್ನು ಸ್ಕ್ರೀನ್‌ಶಾಟ್ ತೆಗೆದು ಇಟ್ಟುಕೊಂಡಳು.

ಮರುದಿನ ಹಣ ಬರಲಿಲ್ಲ. ಅದರ ಮರುದಿನವೂ ಇಲ್ಲ. ರಾಧಿಕಾ ಸಹಾಯವಾಣಿಗೆ ಫೋನು ಹಚ್ಚಿದಳು. ಒಂದು ಒತ್ತಿ, ಎರಡು ಒತ್ತಿ ಎಂದು ಹೇಳಿಸಿಕೊಂಡು ಕೊನೆಗೆ “ಕಾಯಿರಿ” ಎಂಬ ಉತ್ತರ ಪಡೆದಳು. ಬ್ಯಾಂಕಿಗೆ ಹೋಗೋಣ ಎಂದು ಅತ್ತೆಗೆ ಎರಡು ಸಲ ಹೇಳಿದಳು. ಮಾರ್ಕೆಟ್ಟು ಬಿಟ್ಟು ಬರುವುದು ಹೇಗೆ, ನಾಳೆ ನೋಡೋಣ ಎಂದು ಬಸ್ಸಮ್ಮ ಮುಂದೂಡಿದಳು.

ಆ ವಾರವೇ ರಾಧಿಕಾಳ ಅಣ್ಣ ಶಿವರಾಜ ಹಳೆಯ ಬೈಕೊಂದನ್ನು ಕೊಂಡ. ತಂಗಿಗೆ ತೋರಿಸಲೆಂದು ಅದನ್ನೇ ಹತ್ತಿಕೊಂಡು ವಡಗೇರಾದಿಂದ ಮಾರ್ಕೆಟ್ಟಿಗೇ ಬಂದ. ಅವನು ಅತ್ತ ಹೋದದ್ದೇ ತಿಮ್ಮವ್ವ ಎಲೆ ಅಡಿಕೆ ಹಾಕಿಕೊಳ್ಳುತ್ತ ಬಸ್ಸಮ್ಮನ ಕಡೆ ವಾಲಿದಳು.

“ಫೇಲ್ ಅಂದ್ರೇನಬೇ? ನಪಾಸ. ಹೌದಿಲ್ಲ?”

“ಹೌದು.”

“ನಪಾಸ ಆದ ಹುಡುಗ ಅದೇ ಕ್ಲಾಸಿನಾಗ ಕುಂದರ್ತಾನ. ನಪಾಸ ಆದ ರೊಕ್ಕ ಖಾತಿ ಬಿಟ್ಟು ಹ್ಯಾಂಗ ಹೋತು? ಫಿರೋಜಗ ಮುಟ್ಟಿಲ್ಲ. ನಿನ್ನ ಹಂತ್ಯಾಕ ಇಲ್ಲ. ಮತ್ತ ಎಲ್ಲಿಗೆ ಹೋತು?”

“ಆಕಿ ಫೋಟೊ ತೋರ್ಸ್ಯಾಳ, ಕೆಂಪಂದು.”

“ಫೋಟೊ ಹ್ಯಾಂಗ ಬೇಕಾದ್ರೂ ಮಾಡ್ತಾರ. ನಮ್ಮ ಅಳಿಯನ ಅಂಗಡಿಗೆ ಒಬ್ಬಾಂವ ಸುಳ್ಳು ಫೋಟೊ ತೋರ್ಸಿ ಎರಡು ಚೀಲ ಗೊಬ್ಬರ ಒಯ್ದಾನ” ಎಂದು ತಿಮ್ಮವ್ವ ಉಗುಳಿ ತನ್ನ ಬುಟ್ಟಿಯ ಕಡೆ ತಿರುಗಿದಳು.

ಈ ಮಾತು ಬಸ್ಸಮ್ಮನ ತಲೆಯಲ್ಲಿ ಕೂತುಬಿಟ್ಟಿತು. ಸಂಜೆ ಯಾರಿಗೂ ಹೇಳದೆ ಬ್ಯಾಂಕಿಗೆ ಹೋಗಿ ಮಶಿನ್ನಿನಲ್ಲಿ ಪಾಸ್‌ಬುಕ್ಕು ಹಾಕಿಸಿದಳು. ಸಾಲಿನಲ್ಲಿ ನಿಂತ ಒಬ್ಬರು ಓದಿ ಹೇಳಿದರು: ಮಂಗಳವಾರ ಹನ್ನೆರಡು ಸಾವಿರ ಹೋಗಿದೆ. ಫೇಲ್ ಎಂಬ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ. ಹಣ ಹೋದ ದಿನ ಬರೆದ ಸಾಲಿಗೆ, ಮುಂದೆ ಏನಾಯಿತೆಂಬುದು ಗೊತ್ತಿರುವುದಿಲ್ಲವಲ್ಲ. ಆದರೆ ಬಸ್ಸಮ್ಮನಿಗೆ ಅಷ್ಟು ಸಾಕಾಯಿತು. ಕೌಂಟರಿನಲ್ಲಿ ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ಕೇಳಲಿಲ್ಲ.

ಮರುದಿನ ಮಾರ್ಕೆಟ್ಟು ತುಂಬಿದ ಹೊತ್ತು. ಗಿರಾಕಿಯೊಬ್ಬರು ಸ್ಕ್ಯಾನ್ ಮಾಡಿ ಮೀನಿನ ಚೀಲ ಎತ್ತಿಕೊಂಡರು. ರಾಧಿಕಾ ಫೋನು ನೋಡಿ “ಬಂದಾದ್ರಿ” ಎಂದಳು.

“ಬಂದದ್ದು ಎಲ್ಲೆಲ್ಲಿಗೆ ಹೋಗ್ತಾದೋ ಯಾವನಿಗೆ ಗೊತ್ತು” ಎಂದಳು ಬಸ್ಸಮ್ಮ, ಎಲ್ಲರಿಗೂ ಕೇಳುವ ಹಾಗೆ.

ರಾಧಿಕಾ ತಲೆ ಎತ್ತಿದಳು. “ಯಾಕತ್ತಿ, ಹಿಂಗ್ಯಾಕ ಅಂತೀರಿ?”

“ನಿಮ್ಮಣ್ಣನ ಗಾಡಿ ಎಷ್ಟಕ್ಕ ಬಂತು?”

ಸುತ್ತಲಿನವರ ಕತ್ತಿಯ ಸಪ್ಪಳ ನಿಂತಿತು. ಮೊದಲು ರಾಧಿಕಾಳಿಗೆ ಅರ್ಥವಾಗಲಿಲ್ಲ. ಅರ್ಥವಾದದ್ದೇ ತಡ, ಫೋನಿನಲ್ಲಿ ಆ ಸ್ಕ್ರೀನ್‌ಶಾಟ್ ತೆಗೆದು ಅತ್ತೆಯ ಮುಂದೆ ಹಿಡಿದಳು.

“ಇಲ್ಲಿ ನೋಡ್ರಿ. ಆ ಹೊತ್ತಿಗೇ ತೆಗದೀನಿ. ಓದಾಕ ಬರ್ಲಿಲ್ಲಂದ್ರ ಯಾರಿಗರೆ ತೋರಸ್ರಿ.”

“ಆ ಚಿತ್ರ ನಿನ್ನ ತವರಿಗೆ ಒಯ್ದು ತೋರ್ಸು! ಕಳ್ಳ ಬಳಗ!” ಎಂದು ಬಸ್ಸಮ್ಮ ಅವಳ ಕೈಯನ್ನು ತಳ್ಳಿದಳು. ಫೋನು ಜಾರಿ ಮೀನು ತೊಳೆದ ನೀರಿನಲ್ಲಿ ಬಿತ್ತು.

ರಾಧಿಕಾ ಬಗ್ಗಿ ಅದನ್ನು ಎತ್ತಿಕೊಂಡಳು. ಸೆರಗಿನಿಂದ ಒರೆಸಿ, ಹತ್ತುತ್ತದೋ ಇಲ್ಲವೋ ನೋಡಿ, ತಕ್ಕಡಿಯ ಪಕ್ಕ ಇಟ್ಟಳು. ಕೈ ತೊಳೆದುಕೊಂಡು ತವರಿನ ಬಸ್ಸು ಹಿಡಿಯಲು ಬಸ್‌ಸ್ಟ್ಯಾಂಡಿನ ಕಡೆ ನಡೆದಳು.

ಸಂಜೆ ಮರಿಲಿಂಗ ಮನೆಗೆ ಬರುವ ಹೊತ್ತಿಗೆ ಸುದ್ದಿ ಅವನಿಗಿಂತ ಮೊದಲು ಬಂದು ಕೂತಿತ್ತು. “ಯವ್ವಾ, ಒಂದು ಮಾತು ನನ್ನ ಕೇಳಬಾರ್ದಿತ್ತೇನು?” ಎಂದಷ್ಟೇ ಅಂದ. ಆಮೇಲೆ ಅವನು ಅವ್ವನ ಜೊತೆ ಬೇಕಾದಷ್ಟೇ ಮಾತಾಡಿದ. ಬಸ್ಸಮ್ಮ ಬಾಗಿಲು ಮಾಡಿಸಲು ಕೂಡಿಟ್ಟಿದ್ದ ಹಣದಲ್ಲಿ ಫಿರೋಜನ ಬಾಕಿ ತೀರಿಸಿದಳು. ಸ್ಕ್ಯಾನರ್ ಮೇಲೆ ಬಟ್ಟೆ ಮುಚ್ಚಿ ನಗದು ಮಾತ್ರ ತೆಗೆದುಕೊಳ್ಳತೊಡಗಿದಳು.

ಹೀಗೆ ಹಣ ಹೋಗಿ ಹನ್ನೆರಡನೆಯ ದಿನ, ಮಧ್ಯಾಹ್ನ ಫೋನು ಟಿಣ್ ಎಂದಿತು. ಸ್ಕ್ಯಾನರ್ ಮುಚ್ಚಿದ ಮೇಲೆ ಮೆಸೇಜು ಬರುವ ಕಾರಣವೇ ಇರಲಿಲ್ಲ. ಬಸ್ಸಮ್ಮ ಹೆದರಿದಳು. ಉಳಿದದ್ದನ್ನೂ ಬಾಚಿದರೇನೋ ಎಂದು ಬುಟ್ಟಿ ತಿಮ್ಮವ್ವನಿಗೆ ಒಪ್ಪಿಸಿ, ತಹಸೀಲ್ ಕಚೇರಿಯ ಎದುರಿನ ದೇವಿಂದ್ರನ ಆನ್‌ಲೈನ್ ಅಂಗಡಿಗೆ ಹೋದಳು. ಪಹಣಿ, ಜಾತಿ ಸರ್ಟಿಫಿಕೇಟು, ಪರೀಕ್ಷೆಯ ಅರ್ಜಿ ಎಂದು ಅಲ್ಲಿ ಯಾವಾಗಲೂ ಐದಾರು ಜನ ನಿಂತಿರುತ್ತಿದ್ದರು. ಅವತ್ತೂ ಇದ್ದರು.

ದೇವಿಂದ್ರ ಮೆಸೇಜು ಓದಿ ನಕ್ಕ. “ಖುಷಿಪಡು ದೊಡ್ಡವ್ವ. ಹನ್ನೆರಡು ಸಾವಿರ ಜಮಾ ಆಗ್ಯಾದ.”

ಬಸ್ಸಮ್ಮ ಹಣೆಗೆ ಕೈ ಮುಟ್ಟಿಸಿಕೊಂಡಳು. ಆಮೇಲೆ ಅವಳ ಬಾಯಿ ಸುಮ್ಮನಿರಬೇಕಲ್ಲ. “ನೋಡು, ಹೆದರಿ ವಾಪಸ್ ಹಾಕ್ಯಾನ. ನನಗ ಗೊತ್ತಿತ್ತು. ನಾಕು ಮಂದ್ಯಾಗ ಮರ್ಯಾದಿ ಹೋಗಾಕತ್ತು ನೋಡು, ರೊಕ್ಕ ತಾನ ಬಂತು.”

“ಯಾರು ಹಾಕ್ಯಾನ?”

“ನಮ್ಮ ಬೀಗರ ಹುಡುಗ. ಶಿವರಾಜ.”

ಅಂಗಡಿಯಲ್ಲಿದ್ದವರು ಕಿವಿ ಕೊಟ್ಟರು. ದೇವಿಂದ್ರ ಹುಬ್ಬು ಗಂಟಿಕ್ಕಿ ಮತ್ತೊಮ್ಮೆ ಫೋನು ನೋಡಿದ. “ಇಲ್ಲ ದೊಡ್ಡವ್ವ. ಇದನ್ನ ಯಾವ ಮನಷ್ಯಾನೂ ಹಾಕಿಲ್ಲ. ಇದು ರಿವರ್ಸಲ್. ಹೋದ ರೊಕ್ಕನೇ ತಿರುಗಿ ಬಂದಾದ. ಹೋದದ್ದರ ಫೋಟೊ ಏನರೆ ಅದೇನು?”

ಅವನೇ ಗ್ಯಾಲರಿ ತೆರೆದ. ಅಲ್ಲಿತ್ತು ಆ ಕೆಂಪು ಗುರುತು. ಫಿರೋಜನ ಹೆಸರು, ಹನ್ನೆರಡು ಸಾವಿರ, ಮಂಗಳವಾರದ ತಾರೀಖು, ಕೆಳಗೆ ಹನ್ನೆರಡು ಅಂಕಿಯ ಒಂದು ನಂಬರು. ಅದರ ಹಿಂದೆ ಇನ್ನೂ ಮೂರ್ನಾಲ್ಕು ಚಿತ್ರಗಳಿದ್ದವು. ಬುಧವಾರ ರಾಧಿಕಾ ಆ್ಯಪಿನಲ್ಲಿ ದೂರು ದಾಖಲಿಸಿದ್ದು ಒಂದು. “ಪರಿಶೀಲನೆಯಲ್ಲಿದೆ” ಎಂದು ಅದಕ್ಕೆ ಬಂದ ಉತ್ತರಗಳು, ಅವಳು ತವರಿಗೆ ಹೋಗುವ ಹಿಂದಿನ ದಿನದವರೆಗೆ.

ದೇವಿಂದ್ರ ಆ್ಯಪಿನ ಹಳೆಯ ವ್ಯವಹಾರಗಳ ಪುಟ ತೆರೆದು, ಹಣ ಮರಳಿದ ವಿವರವನ್ನೂ ಸ್ಕ್ರೀನ್‌ಶಾಟ್ ತೆಗೆದ. ಎರಡು ಚಿತ್ರಗಳನ್ನು ಒಂದರ ಪಕ್ಕ ಒಂದಿಟ್ಟು, ಓದಲು ಬಾರದ ಬಸ್ಸಮ್ಮನ ಮುಂದೆ ಅಂಕಿಗಳ ಮೇಲೆ ಬೆರಳು ಓಡಿಸಿದ.

“ಅಕ್ಷರ ಬರದಿದ್ರೂ ಅಂಕಿ ಬರ್ತಾವಲ್ಲ ನಿನಗ? ನೋಡು. ಇದು ಹೋದಾಗಿನ ನಂಬರ. ಇದು ಬಂದಾಗಿನ ನಂಬರ. ಒಂದಽ ಅದಾವಿಲ್ಲ?”

ಬಸ್ಸಮ್ಮನಿಗೆ ಅಂಕಿ ಬರುತ್ತಿದ್ದವು. ದಿನವೂ ತಕ್ಕಡಿಯ ಮೇಲೆ ನೋಡುವವಳು. ಒಂದೊಂದನ್ನೇ ನೋಡುತ್ತ ಹೋದಳು. ಎಲ್ಲವೂ ಕೂಡಿದವು.

“ಬೇರೆಯವ್ರು ಹಾಕಿದ್ರ ಬೇರೆ ನಂಬರ ಬರ್ತದ. ಈ ರೊಕ್ಕ ನಿನ್ನ ಸೊಸಿ ಕೈಯಾಗೂ ಇರಲಿಲ್ಲ, ಆಕಿ ಅಣ್ಣನ ಕೈಯಾಗೂ ಇರಲಿಲ್ಲ. ಎರಡು ಬ್ಯಾಂಕಿನ ನಡುವ ಸಿಕ್ಕೊಂಡಿತ್ತು” ಎಂದ ದೇವಿಂದ್ರ. ಅವನು ಮೆಲ್ಲಗೆ ಹೇಳಿದರೂ ಅಂಗಡಿಯಲ್ಲಿ ಎಲ್ಲರಿಗೂ ಕೇಳಿಸಿತು.

ಬಸ್ಸಮ್ಮ ಅಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಳು. ಯಾರೋ ನೀರು ಕೊಟ್ಟರು. ಕುಡಿಯಲಿಲ್ಲ. ಮಾರ್ಕೆಟ್ಟಿನಲ್ಲಿ ಆಡಿದ ಮಾತಿಗಿಂತಲೂ, ಈಗ ಅರೆಗಳಿಗೆಯ ಹಿಂದೆ ಈ ಅಂಗಡಿಯಲ್ಲಿ ಆಡಿದ ಮಾತು ಅವಳನ್ನು ಸುಟ್ಟಿತು. ಹಣ ಹೋದಾಗ ಕಳ್ಳರೆಂದಳು. ಹಣ ಬಂದಾಗಲೂ ಕಳ್ಳರೆಂದಳು. ಸೆರಗನ್ನು ಬಾಯಿಗೆ ಒತ್ತಿ ಹಿಡಿದುಕೊಂಡು ಕೂತಳು.

ಜನ ಕರಗಿದ ಮೇಲೆ ದೇವಿಂದ್ರ ಹೇಳಿದ. “ದೊಡ್ಡವ್ವ, ಇಂಥಾ ರೊಕ್ಕ ಮರುದಿನದಾಗ ವಾಪಸ್ ಆಗ್ಬೇಕು ಅಂತ ರಿಸರ್ವ್ ಬ್ಯಾಂಕಿನ ಕಾನೂನ ಅದ. ತಡ ಆದ್ರ ದಿನಕ್ಕ ನೂರು ರೂಪಾಯಿ ಬ್ಯಾಂಕಿನವ್ರು ಕೊಡಬೇಕು. ಕೇಳದಽ ಹಾಕಬೇಕು, ನಿನಗ ಹಾಕಿಲ್ಲ. ಒಂದು ಅರ್ಜಿ ಬರಿಯೂಣು.”

“ಆ ನೂರು ನನಗ ಬ್ಯಾಡ” ಎಂದಳು ಬಸ್ಸಮ್ಮ. ಆಮೇಲೆ ಕೇಳಿದಳು: “ತಪ್ಪು ನಮ್ಮದು, ನಿಮ್ಮ ಮನಿಯವರದಲ್ಲ ಅಂತ ಬ್ಯಾಂಕಿನವ್ರು ಬರ್ದು ಕೊಡ್ತಾರೇನು?”

“ಬರ್ದು ಕೇಳಿದ್ರ ಬರ್ದು ಉತ್ತರ ಕೊಡಬೇಕು.”

“ಹಂಗಾದ್ರ ಬರಿ.”

ದೇವಿಂದ್ರ ಶಾಖೆಯ ವ್ಯವಸ್ಥಾಪಕರಿಗೆ ಎಂದು ಶುರುಮಾಡಿ ಟೈಪು ಮಾಡಿದ. ಖಾತೆ ನಂಬರು, ಹಣ ಕಡಿತವಾದ ದಿನ, ಯಾರಿಗೆ ಕಳಿಸಿದ್ದು, ವ್ಯವಹಾರದ ಹನ್ನೆರಡು ಅಂಕಿಯ ನಂಬರು, ವಿಫಲವೆಂದು ತೋರಿಸಿದ್ದು, ಆ್ಯಪಿನಲ್ಲಿ ದೂರು ಕೊಟ್ಟದ್ದು, ಹಣ ಮರಳಿದ ದಿನ. ವಿಳಂಬದ ಕಾರಣವನ್ನು ಲಿಖಿತವಾಗಿ ತಿಳಿಸಬೇಕು, ನಿಯಮದಂತೆ ಪರಿಹಾರ ಜಮಾ ಮಾಡಬೇಕು. ಲಗತ್ತು: ವಿಫಲ ವ್ಯವಹಾರದ ಸ್ಕ್ರೀನ್‌ಶಾಟ್, ಹಣ ಮರಳಿದ ಸ್ಕ್ರೀನ್‌ಶಾಟ್, ಪಾಸ್‌ಬುಕ್ಕಿನ ಪುಟದ ಪ್ರತಿ. ಎರಡೂ ಚಿತ್ರಗಳನ್ನು ಪ್ರಿಂಟು ತೆಗೆದು ನಂಬರಿನ ಸುತ್ತ ಪೆನ್ನಿನಿಂದ ಗೆರೆ ಹಾಕಿದ. ಓದಿ ಹೇಳಿದ.

“ಇನ್ನೊಂದು ಸಾಲು ಹಾಕು” ಎಂದಳು ಬಸ್ಸಮ್ಮ. “ಈ ರೊಕ್ಕದ ಸಲುವಾಗಿ ನಾನು ನನ್ನ ಸೊಸಿ ರಾಧಿಕಾಗ ಕಳ್ಳಿ ಅಂದೀನಿ.”

“ಅದು ಬ್ಯಾಂಕಿಗೆ ಬ್ಯಾಡ ದೊಡ್ಡವ್ವ.”

“ಹಾಕು.”

ಅವನು ಹಾಕಿದ. ಬಸ್ಸಮ್ಮ ಒತ್ತಿ ಒತ್ತಿ ಸಹಿ ಮಾಡಿದಳು.

ಮರುದಿನ ಬ್ಯಾಂಕಿನಲ್ಲಿ ಅರ್ಜಿ ನೋಡಿದ ಅಧಿಕಾರಿಯ ಹೆಸರು ಅಂಜನಾ. ರಾಯಚೂರು ಕಡೆಯವಳು, ವರ್ಷದ ಹಿಂದೆ ಈ ಶಾಖೆಗೆ ಬಂದವಳು. “ರೊಕ್ಕ ಬಂದದಲ್ರಿ ಅಮ್ಮಾ. ಮತ್ತ ಯಾಕ ದೂರು?” ಎಂದಳು ಮೊದಲು.

“ಇಷ್ಟು ದಿನ ಅದು ಎಲ್ಲಿತ್ತು ಅಂತ ಹೇಳ್ರಿ, ಮೇಡಮ್ಮರ. ಅಷ್ಟ ಸಾಕು.”

ಅಂಜನಾ ಪ್ರಿಂಟುಗಳನ್ನು ಪಕ್ಕಕ್ಕಿಟ್ಟು, ಗೆರೆ ಹಾಕಿದ ನಂಬರನ್ನು ಕಂಪ್ಯೂಟರಿನಲ್ಲಿ ಒತ್ತಿದಳು. “ಫೋಟೊ ನೋಡಿ ನಾವು ನಂಬಂಗಿಲ್ರಿ ಅಮ್ಮಾ, ಅದನ್ನ ಯಾರ ಬೇಕಾದ್ರೂ ತಿದ್ದಬಹುದು. ಆದ್ರ ಅದರಾಗಿನ ನಂಬರ ಇದ್ರ ನಮ್ಮ ಲೆಕ್ಕದಾಗ ಹುಡುಕಬಹುದು” ಎನ್ನುತ್ತ ಪರದೆ ನೋಡಿದಳು. “ಹೂಂ. ಅದ ರೀ. ನಮ್ಮಿಂದ ಹೋಗ್ಯಾದ, ಆ ಕಡಿ ಬ್ಯಾಂಕಿನ್ಯಾಗ ಜಮಾ ಆಗಿಲ್ಲ. ಅವ್ರು ಅವತ್ತೇ ತಿರುಗಿಸಬೇಕಿತ್ತು, ಭಾಳಂದ್ರ ಮರುದಿನ. ನಿಮಗ ಪರಿಹಾರ ಬರಬೇಕು, ಬಂದಿಲ್ಲ. ಕಳಸ್ತೀನಿ.”

ಆಮೇಲೆ ಕೇಳಿದಳು: “ಪಿನ್ ನಂಬರ ಯಾರು ಒತ್ತಿದ್ರು? ನೀವೇನು?”

“ಸೊಸಿ.”

“ಮನಿಯವ್ರಿಗೂ ಕೊಡಬಾರ್ದ್ರಿ ಅದನ್ನ. ಈ ಸಲ ಏನೂ ಆಗಿಲ್ಲ, ಆದ್ರ ಏನರೆ ಆದ್ರ ಮೊದಲ ಅನುಮಾನ ಅವ್ರ ಮ್ಯಾಲೇ ಬರ್ತದ” ಎಂದಳು ಅಂಜನಾ, ಕಾಗದದಿಂದ ಕಣ್ಣೆತ್ತದೆ. ಹೀಗೆನ್ನುತ್ತಲೇ ಕೊನೆಯ ಸಾಲಿಗೆ ಬಂದಿದ್ದಳು. ಓದಿ, ಬಸ್ಸಮ್ಮನ ಮುಖ ನೋಡಿದಳು. “ಈ ಸಾಲಿಗೆ ನಮ್ಮ ಹತ್ರ ಉತ್ತರ ಇಲ್ರಿ ಅಮ್ಮಾ.”

ಅಂಜನಾ ಇನ್ನೊಂದು ಪ್ರತಿಗೆ ಸೀಲು ಒತ್ತಿ, ತಾರೀಖು ಹಾಕಿ ಕೊಟ್ಟಳು. ತಿಂಗಳೊಳಗೆ ಉತ್ತರ ಬರುತ್ತದೆ, ಬಾರದಿದ್ದರೆ ಮೇಲೆ ಬ್ಯಾಂಕುಗಳ ವಿರುದ್ಧದ ದೂರು ಕೇಳುವ ಓಂಬುಡ್ಸ್‌ಮನ್ ಬಳಿಗೆ ಹೋಗಬಹುದು ಎಂದು ತಿಳಿಸಿದಳು.

ಅವತ್ತೇ ವಡಗೇರಾದ ಬಸ್ಸು ಹತ್ತಬೇಕಿತ್ತು. ರಾತ್ರಿ ಮನೆಗೆ ಬಂದ ಮರಿಲಿಂಗನೂ ಅದನ್ನೇ ಹೇಳಿದ. ಅವ್ವ ಅಂಜುತ್ತ ಅಂಜುತ್ತ ಎಲ್ಲ ಹೇಳಿ, ಸೀಲು ಹಾಕಿದ ಪ್ರತಿಯನ್ನು ತೋರಿಸಿದಾಗ ಅವನು ಅದನ್ನು ಮುಟ್ಟಲಿಲ್ಲ.

“ನಾಳೆ ಹೋಗು ಯವ್ವಾ. ಕಾಗದಕ್ಕ ಕಾಯಬ್ಯಾಡ.”

“ಬರಿಗೈಲೆ ಯಾವ ಮುಖ ಹೊತ್ಕೊಂಡು ಹೋಗ್ಲಿ? ಬ್ಯಾಂಕಿನ ಉತ್ತರ ಬರ್ಲಿ. ಅದನ್ನ ಆಕಿ ಕೈಯಾಗ ಇಡ್ತೀನಿ.”

“ನಾ ಹೋಗಿ ಕರದ್ರೂ ಬರಂಗಿಲ್ಲ ಅಂದಾಳ. ಕಳ್ಳಿ ಅಂದಾಕಿ ನೀನು, ನೀನೇ ಹೋಗಬೇಕು.”

“ಹೋಗ್ತೀನಿ ಅಂದೆನಲ್ಲ.”

ಹೋಗಲಿಲ್ಲ. ಪ್ರತಿ ದಿನ ಬೆಳಗ್ಗೆ ನಾಳೆ ಎಂದುಕೊಂಡಳು. ಮಾರ್ಕೆಟ್ಟಿನಲ್ಲಿ ಯಾರಾದರೂ ರಾಧಿಕಾಳ ಸುದ್ದಿ ಎತ್ತಿದರೆ ಎದ್ದು ನೀರು ತರಲು ಹೋಗುತ್ತಿದ್ದಳು. ಬೀಗರ ಅಂಗಳದಲ್ಲಿ ನಿಂತು ಬಾಯಿ ತೆರೆಯುವುದನ್ನು ನೆನೆದು ಹೊರಡುವುದನ್ನೇ ಬಿಡುತ್ತಿದ್ದಳು. ತನ್ನ ಬದಲು ಬ್ಯಾಂಕಿನ ಕಾಗದ ಮಾತಾಡಲಿ ಎಂದು ಕಾದಳು.

ಮೂರನೆಯ ವಾರದ ಕೊನೆಗೆ ಟಪಾಲು ಬಂತು. ದೇವಿಂದ್ರ ಓದಿ ಹೇಳಿದ. ನಿಮ್ಮ ಇಂಥ ತಾರೀಖಿನ ಅರ್ಜಿಯ ಮೇರೆಗೆ ಪರಿಶೀಲಿಸಲಾಗಿ, ವ್ಯವಹಾರವು ತಾಂತ್ರಿಕ ಕಾರಣದಿಂದ ವಿಫಲವಾಗಿದ್ದು, ಫಲಾನುಭವಿಯ ಬ್ಯಾಂಕಿನಿಂದ ಹಣವು ವಿಳಂಬವಾಗಿ ಇಂಥ ತಾರೀಖಿಗೆ ಮರಳಿದೆ, ವಿಳಂಬದ ಅವಧಿಗೆ ಸಾವಿರದ ನೂರು ರೂಪಾಯಿ ಪರಿಹಾರ ಜಮಾ ಮಾಡಲಾಗಿದೆ, ಅನಾನುಕೂಲಕ್ಕೆ ವಿಷಾದಿಸುತ್ತೇವೆ. ಸೊಸೆಯ ವಿಷಯ ಒಂದಕ್ಷರವೂ ಇರಲಿಲ್ಲ.

ಮರುದಿನ ಬಸ್ಸಮ್ಮ ಇಳಕಲ್ಲ ಸೀರೆ ಉಟ್ಟು, ಒಂದು ಡಜನ್ ಬಾಳೆಹಣ್ಣು ಕೊಂಡು ಬಸ್ಸು ಹತ್ತಿದಳು. ಭೀಮರಾಯನಗುಡಿಯಲ್ಲಿ ಕೃಷಿ ಕಾಲೇಜಿನ ಹುಡುಗಿಯರು ಹತ್ತಿ, ಫೋನು ನೋಡಿಕೊಂಡು ನಗುತ್ತ ಅವಳ ಪಕ್ಕ ನಿಂತರು. ಶಹಾಪುರದಲ್ಲಿ ಬಸ್ಸು ಬದಲಿಸಬೇಕಿತ್ತು. ಇಲ್ಲಿಂದಲೇ ತಿರುಗಿ ಹೋಗಿಬಿಡಲೇ ಎಂದು ಒಮ್ಮೆ ಎದ್ದು ನಿಂತಳು, ಮತ್ತೆ ಕೂತಳು.

ವಡಗೇರಾದ ಮನೆಯ ಬಾಗಿಲಲ್ಲಿ ಆ ಬೈಕು ನಿಂತಿತ್ತು. ಶಿವರಾಜ ಅವಳನ್ನು ನೋಡಿ “ಬರ್ರಿ” ಎಂದ. ಅದಕ್ಕಿಂತ ಹೆಚ್ಚು ಅನ್ನಲಿಲ್ಲ. ಒಳಗಿನಿಂದ ರಾಧಿಕಾ ತಂಬಿಗೆಯಲ್ಲಿ ನೀರು ತಂದಿಟ್ಟು ಬಾಗಿಲ ಚೌಕಟ್ಟಿಗೆ ಆತು ನಿಂತಳು. ಸ್ವಲ್ಪ ಸೊರಗಿದ್ದಳು.

ಬಸ್ಸಮ್ಮ ಯೋಚಿಸಿಕೊಂಡು ಬಂದ ಮಾತೆಲ್ಲ ಮರೆತಳು. ಕುಪ್ಪಸದೊಳಗಿನ ಪ್ಲಾಸ್ಟಿಕ್ ಚೀಲ ತೆಗೆದು ಕಾಗದ ಚಾಚಿದಳು. “ಬ್ಯಾಂಕಿನವ್ರು ಬರ್ದಾರವ್ವ. ನಿಂದೇನೂ ತಪ್ಪಿಲ್ಲ.”

ರಾಧಿಕಾ ಕಾಗದ ತೆಗೆದುಕೊಂಡು ಓದಿದಳು. ಓದಿದವಳು ಮತ್ತೆ ಮೇಲಿನ ಸಾಲಿಗೆ ಹೋದಳು.

“ನೀವು ಅರ್ಜಿ ಕೊಟ್ಟದ್ದು ಹೋದ ತಿಂಗಳ ಇಪ್ಪತ್ತೊಂದಕ್ಕ?”

“ಹೂಂ.”

“ಹಂಗಾದ್ರ ರೊಕ್ಕ ಬಂದದ್ದು ಅದಕ್ಕೂ ಮೊದಲ. ನಾ ಕಳ್ಳಿ ಅಲ್ಲಂತ ಅವತ್ತೇ ನಿಮಗ ಗೊತ್ತಿತ್ತು.”

ಬಸ್ಸಮ್ಮ ಬಾಳೆಹಣ್ಣಿನ ಚೀಲವನ್ನು ಕೆಳಗಿಟ್ಟಳು.

“ಮೂರು ವಾರ ಗೊತ್ತಿತ್ತು ನಿಮಗ. ಇಲ್ಲಿ ಓಣ್ಯಾಗಿನ ಮಂದಿ ನೀರಿಗೆ ಹೋದ್ರ ನನ್ನ ನೋಡಿ ಪಿಸುಗುಡ್ತಾರ. ನಮ್ಮಣ್ಣ ಗಾಡಿ ಹೊರಗ ತಗೀಲಿಕ್ಕೆ ನಾಚ್ಕೋತಾನ. ನೀವು ಕಾಗದಕ್ಕ ಕಾಯ್ಕೊಂಡು ಕುಂತ್ರಿ.” ಅವಳ ದನಿ ಏರಲಿಲ್ಲ. “ಬ್ಯಾಂಕಿನವ್ರು ತಡ ಮಾಡಿದ್ದಕ್ಕ ದಂಡ ಕೊಟ್ಟಾರ. ನೀವು ತಡ ಮಾಡಿದ್ದಕ್ಕ?”

“ತಪ್ಪಾತವ್ವ” ಎಂದಳು ಬಸ್ಸಮ್ಮ.

ರಾಧಿಕಾ ಕಾಗದವನ್ನು ಮಡಚಿ ಅತ್ತೆಯ ಪಕ್ಕದಲ್ಲಿಟ್ಟಳು. “ಇದನ್ನ ನನಗ ತೋರ್ಸಿ ಏನ್ ಉಪಯೋಗ ಅತ್ತಿ? ನಾ ಕದ್ದಿಲ್ಲಂತ ನನಗ ಮೊದಲಽ ಗೊತ್ತು. ಗೊತ್ತಿಲ್ಲದ ಮಂದಿ ಸುರಪುರದಾಗ ಅದಾರ. ಎಲ್ಲಿ ಅಂದ್ರಿ, ಅಲ್ಲಿ ಹೇಳ್ರಿ.”

ಶಿವರಾಜ ಚಹಾ ಕುಡಿದು ಹೋಗಲು ಹೇಳಿದ. ಬಸ್ಸಮ್ಮ ಅವನ ಕಡೆ ತಿರುಗಿ ಕೈ ಮುಗಿದಳು. ವಯಸ್ಸಿನಲ್ಲಿ ಮಗನಷ್ಟಿದ್ದವನು ಮುಜುಗರಪಟ್ಟು “ಬ್ಯಾಡ್ರಿ, ಬ್ಯಾಡ್ರಿ” ಎಂದು ಹಿಂದೆ ಸರಿದ. ಚಹಾ ಕುಡಿದು ಎದ್ದಳು. ಹೊರಡುವಾಗ ಯಾರೂ ಇರಿ ಎನ್ನಲಿಲ್ಲ.

ಮಾರನೆಯ ಬೆಳಿಗ್ಗೆ ಮಾರ್ಕೆಟ್ಟು ತುಂಬುವವರೆಗೆ ಅವಳು ತಡೆದಳು. ಫಿರೋಜನ ಟೆಂಪೊ ಬಂದಿತ್ತು, ಚಾಲಕನ ಜಾಗದಲ್ಲಿ ಮರಿಲಿಂಗನಿದ್ದ. ಬಸ್ಸಮ್ಮ ಎದ್ದು ನಿಂತಳು. ಮೂವತ್ತು ವರ್ಷ ಕೂಗಿ ಕೂಗಿ ಮೀನು ಮಾರಿದವಳ ಅವತ್ತಿನ ಮೊದಲ ಮಾತು ಯಾರಿಗೂ ಕೇಳಿಸಲಿಲ್ಲ.

“ಏನಂದಿ ಬಸ್ಸಮ್ಮಕ್ಕ?” ಎಂದು ಫಿರೋಜ್ ಕೇಳಿದ.

“ನಾ ಅವತ್ತು ಇಲ್ಲಿ ನನ್ನ ಸೊಸಿಗಿ ಕಳ್ಳಿ ಅಂದಿದ್ದೆ. ಆಕಿ ಬಳಗಕ್ಕೂ ಅಂದಿದ್ದೆ. ಸುಳ್ಳದು. ರೊಕ್ಕ ಬ್ಯಾಂಕಿನಾಗ ಸಿಕ್ಕಿತ್ತು, ವಾಪಸ್ ಬಂದಾದ. ಆಕಿ ತೋರ್ಸಿದ ಫೋಟೊ ಖರೇ ಇತ್ತು. ನಾ ನೋಡ್ಲಿಲ್ಲ. ನಾ ಸುಳ್ಳು ಅಂದೀನಿ.”

“ಆತು ಕುಂದರಬೇ, ಯಾರ್ ಕೇಳ್ಯಾರೀಗ ಅದನ್ನ” ಎಂದು ತಿಮ್ಮವ್ವ ಅವಳ ಸೆರಗು ಜಗ್ಗಿದಳು.

“ಬಿಡು. ರೊಕ್ಕ ಬಂದ ಮ್ಯಾಲೆ ಮೂರು ವಾರ ಹೇಳದಽ ಕುಂತೀನಿ, ಅದೂ ನನ್ನ ತಪ್ಪಽ.”

ಯಾರೋ ಲೊಚಗುಟ್ಟಿದರು, ಆ ಕಡೆಯ ಮೂಲೆಯಲ್ಲಿ ಇಬ್ಬರು ಮುಖ ನೋಡಿಕೊಂಡು ನಕ್ಕರು. “ಕಾಟ್ಲಾ ಹ್ಯಾಂಗ ಕೆಜಿ?” ಎಂದು ಅವಳ ಮುಂದೆ ನಿಂತಿದ್ದ ಗಿರಾಕಿ ಕೇಳಿದರು. ಅವರಿಗೆ ಹೊತ್ತಾಗಿತ್ತು. ಬಸ್ಸಮ್ಮ ರೇಟು ಹೇಳಿ ಕೂತು ಮೀನು ಹೆಚ್ಚತೊಡಗಿದಳು. ಮರಿಲಿಂಗ ಟೆಂಪೊದಿಂದ ಇಳಿದು, ಬರ್ಫದ ಪೆಟ್ಟಿಗೆ ತಂದು ಅವಳ ಪಕ್ಕ ಇಟ್ಟು ಹೋದ.

ಅವನು ಆ ವಾರವೇ ವಡಗೇರಾಕ್ಕೆ ಹೋದ. ರಾಧಿಕಾ ಕೂಡಲೇ ಬರಲಿಲ್ಲ. ಮಾರ್ಕೆಟ್ಟಿನಲ್ಲಿ ಆದದ್ದನ್ನು ಅವನ ಬಾಯಿಂದ ಕೇಳಿದಳು. ಬೇರೆಯವರಿಂದಲೂ ಕೇಳಿ ತಿಳಿದುಕೊಂಡಳೆಂದು ಕಾಣುತ್ತದೆ. ಕಾರಹುಣ್ಣಿಮೆಯ ಹಿಂದಿನ ದಿನ ಅಣ್ಣನ ಬೈಕಿನ ಹಿಂದೆ ಕೂತು ಬಂದಳು. ಓಣಿಯ ನಡುವೆಯೇ ಗಾಡಿ ನಿಲ್ಲಿಸಲು ಹೇಳಿ, ಎಲ್ಲರೂ ನೋಡುವ ಹಾಗೆ ಇಳಿದು ಮನೆಗೆ ನಡೆದಳು.

ಬಂದವಳು ಒಂದು ಮಾತು ಮೊದಲೇ ಹೇಳಿದಳು. ಮನೆ ಕೆಲಸ ಮಾಡುತ್ತಾಳೆ, ಮಾರ್ಕೆಟ್ಟಿಗೂ ಬರುತ್ತಾಳೆ. ಆದರೆ ಅತ್ತೆಯ ಫೋನು ಮುಟ್ಟುವುದಿಲ್ಲ.

ಅವತ್ತು ರಾತ್ರಿ ಊಟಕ್ಕೆ ಕೂತಾಗ ರಾಧಿಕಾ ಮೊದಲಿನಂತೆಯೇ ರೊಟ್ಟಿ ಬಡಿದು ಬಿಸಿಯಾಗಿ ಹಾಕಿದಳು. ಮರಿಲಿಂಗ ಎರಡು ತಿಂದು ಎದ್ದ. ಬಸ್ಸಮ್ಮ ಒಂದು ರೊಟ್ಟಿ ಮುಗಿಸಿ ಖಾಲಿ ತಾಟಿನ ಮುಂದೆ ಕೂತಿದ್ದಳು.

“ಇನ್ನೊಂದು ಹಾಕ್ಲಿ ಅತ್ತಿ?”

ಬಸ್ಸಮ್ಮ ತಲೆ ಎತ್ತದೆ ತಾಟನ್ನು ಮುಂದೆ ಸರಿಸಿದಳು. ರಾಧಿಕಾ ರೊಟ್ಟಿ ಹಾಕಿ ಒಲೆಯ ಕಡೆ ತಿರುಗಿದಳು.